ಕತ್ತಿ ಮುರಿಯುವ ಲೆಕ್ಕ: ಮೈನ್‌ಕ್ರಾಫ್ಟ್‌ನಲ್ಲಿ ಆಯುಧದ ಸವೆತ, ರಿಪೇರಿ ಮತ್ತು ವಜ್ರದ ಖರ್ಚು

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟ. "ಮಾಮ, ನನ್ನ ಹತ್ರ ನಲವತ್ತೆರಡು ಲೆವೆಲ್ ಇದೆ, ವಜ್ರ ಇದೆ, ಆನ್ವಿಲ್ ಹೊಸದು. ಆದ್ರೂ ಕತ್ತಿ ರಿಪೇರಿ ಮಾಡಲ್ಲ ಅಂತಿದೆ ನೋಡು." ಆನ್ವಿಲ್ ಎಂದರೆ ಆಟದಲ್ಲಿ ರಿಪೇರಿ ಮಾಡುವ ಅಡಿಗಲ್ಲು, ಲೆವೆಲ್ ಎಂದರೆ ಆಡುತ್ತ ಗಳಿಸಿ ಅದಕ್ಕೆ ಶುಲ್ಕವಾಗಿ ಕೊಡುವಂಥದ್ದು. ಪರದೆಯ ಮೇಲೆ ಕೆಂಪಕ್ಷರದಲ್ಲಿ `Too Expensive!` ಎಂದಿತ್ತು. ಎರಡು ತಿಂಗಳು ಜತನದಿಂದ ಕಾಪಾಡಿಕೊಂಡು ಬಂದಿದ್ದ ಕತ್ತಿ. ಇನ್ನು 61 ಏಟಿನಷ್ಟು ಜೀವ ಉಳಿದಿತ್ತು.

ಕೈಯಲ್ಲಿ ದುಡ್ಡಿದ್ದರೂ ಅಂಗಡಿಯವನು 'ಬಹಳ ದುಬಾರಿ, ನಿಮಗೆ ಕೊಡೋದಿಲ್ಲ' ಎಂದರೆ ಯಾರಿಗಾದರೂ ತಲೆ ಕೆಡುತ್ತದೆ. ಮನೆಯಲ್ಲಿ ಈ ಆಟ ಆಡುವ ಮಕ್ಕಳಿರುವವರು ಇಂಥ ಗೋಳನ್ನು ಕೇಳಿಯೇ ಇರುತ್ತಾರೆ. ಇದರ ಹಿಂದಿರುವುದು ನಾಲ್ಕೈದು ಸರಳ ನಿಯಮಗಳು. ಮೈನ್‌ಕ್ರಾಫ್ಟ್ ಅವನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಅದೇ ತೊಂದರೆ. ಇಲ್ಲಿ ಕೊಟ್ಟಿರುವ ಅಂಕಿಗಳು ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯವು. ಮೊಬೈಲಿನ ಬೆಡ್‌ರಾಕ್ ಆವೃತ್ತಿಯಲ್ಲಿ ಕೆಲವು ಕಡೆ ವ್ಯತ್ಯಾಸವಿದೆ.

## ಬಾಳಿಕೆ ಅಂದರೆ ಏನು

ಸರ್ವೈವಲ್ ಆಟ ಎಂದರೆ ಬರಿಗೈಯಲ್ಲಿ ಒಂದು ಲೋಕಕ್ಕೆ ಇಳಿದು, ಮರ ಕಡಿದು, ಕಲ್ಲು ಒಡೆದು, ಬೇಕಾದ ಸಾಮಾನನ್ನು ನಾವೇ ಮಾಡಿಕೊಂಡು ಬದುಕುವ ಆಟ. ಮಾಡಿಕೊಂಡ ಸಾಮಾನು ಶಾಶ್ವತವಾಗಿದ್ದರೆ ಒಂದು ವಾರಕ್ಕೆ ಆಟ ಮುಗಿದುಹೋಗುತ್ತದೆ. ಅದಕ್ಕೇ ಪ್ರತಿ ಆಯುಧಕ್ಕೂ ಒಂದು ಬಾಳಿಕೆ ಇರುತ್ತದೆ. ಬಳಸಿದಂತೆಲ್ಲ ಅದು ಇಳಿಯುತ್ತದೆ. ಸೊನ್ನೆಗೆ ಮುಟ್ಟಿದ ಕ್ಷಣ ಕತ್ತಿ 'ಟಕ್' ಎಂದು ಮುರಿದು ಕೈಯಿಂದ ಮಾಯ. ಅದಕ್ಕೆ ಹಾಕಿದ್ದ ಮಂತ್ರಗಳೂ ಅದರ ಜೊತೆಗೇ ಹೋಗುತ್ತವೆ. ಆಟದಲ್ಲಿ ಎನ್‌ಚಾಂಟ್‌ಮೆಂಟ್ ಎನ್ನುವುದನ್ನೇ ನಾನಿಲ್ಲಿ ಮಂತ್ರ ಎನ್ನುತ್ತಿದ್ದೇನೆ.

ಮೈನ್‌ಕ್ರಾಫ್ಟ್‌ನಲ್ಲಿ ಮರದ ಕತ್ತಿಯ ಬಾಳಿಕೆ 59, ಕಲ್ಲಿನದು 131, ಕಬ್ಬಿಣದ್ದು 250, ವಜ್ರದ್ದು 1561, ನೆದರೈಟ್‌ನದು 2031. ಚಿನ್ನದ ಕತ್ತಿಯದು ಬರೀ 32, ನೋಡೋಕೆ ಚೆಂದ ಅಷ್ಟೆ. ಈ ಸಂಖ್ಯೆ ತೆರೆಯ ಮೇಲೆ ತಾನಾಗಿ ಕಾಣುವುದಿಲ್ಲ. ಆಯುಧದ ಚಿತ್ರದ ಕೆಳಗೆ ಹಸಿರಿನಿಂದ ಕೆಂಪಿಗೆ ತಿರುಗುವ ಸಣ್ಣ ಗೆರೆಯೊಂದು ಕಾಣುತ್ತದೆ, ಅದು ಅಂದಾಜಿಗೆ ಮಾತ್ರ. `F3` ಒತ್ತಿ ಹಿಡಿದು `H` ಒತ್ತಿದರೆ, ಆಮೇಲೆ ಆಯುಧದ ಮೇಲೆ ಮೌಸ್ ಇಟ್ಟಾಗಲೆಲ್ಲ `Durability: 61 / 1561` ಎಂದು ಸರಿಯಾದ ಲೆಕ್ಕ ಸಿಗುತ್ತದೆ. ಮುಂದಿನ ಯೋಜನೆಯೆಲ್ಲ ಈ ಸಂಖ್ಯೆಯ ಮೇಲೇ ನಿಂತಿರುವುದರಿಂದ ಮೊದಲು ಇದನ್ನು ಹಾಕಿಕೊಳ್ಳಿ.

ಶತ್ರುವಿಗೆ ಕತ್ತಿ ಬೀಸಿದರೆ ಒಂದು ಏಟಿಗೆ ಬಾಳಿಕೆ 1 ಇಳಿಯುತ್ತದೆ. ಅದೇ ಕತ್ತಿಯಿಂದ ಮರದ ಎಲೆಯನ್ನೋ ಜೇಡರಬಲೆಯನ್ನೋ ಕಡಿದರೆ 2 ಇಳಿಯುತ್ತದೆ. ಕೊಡಲಿಯದು ಇದರ ತಿರುಗುಮುರುಗು: ಮರ ಕಡಿದರೆ 1, ಶತ್ರುವಿಗೆ ಹೊಡೆದರೆ 2. ಮಚ್ಚಿನಿಂದ ತೆಂಗಿನಕಾಯಿ ಒಡೆಯಬಹುದು, ಈಳಿಗೆಯಿಂದಲೂ ಒಡೆಯಲು ನೋಡಬಹುದು, ಆದರೆ ಈಳಿಗೆ ಬಹಳ ದಿನ ಉಳಿಯುವುದಿಲ್ಲ. ಹಾಗೆಯೇ ಇದು.

## ಏಟು ಎಣಿಸಬೇಡಿ, ಕ್ರೀಪರ್ ಎಣಿಸಿ

ಬಾಳಿಕೆಯ ಸಂಖ್ಯೆಯನ್ನು ಹಾಗೇ ಹೋಲಿಸಿ ನೋಡುವುದು ಎಲ್ಲರೂ ಮಾಡುವ ತಪ್ಪು. ಕತ್ತಿ ಎಷ್ಟು ಏಟು ಬಾಳುತ್ತದೆ ಎನ್ನುವುದು ಅರ್ಧ ಲೆಕ್ಕ. ಒಂದು ಶತ್ರುವನ್ನು ಉರುಳಿಸಲು ಎಷ್ಟು ಏಟು ಬೇಕು ಎನ್ನುವುದು ಉಳಿದರ್ಧ.

ಹಸಿರು ಮೈಯ ಕ್ರೀಪರ್ ಹತ್ತಿರ ಬಂದು ಸಿಡಿಯುವ ಪ್ರಾಣಿ. ಅದರ ಜೀವ 20 ಅಂಶ. ಕಲ್ಲಿನ ಕತ್ತಿಯ ಒಂದು ಏಟಿಗೆ 5 ಅಂಶ ಹೋಗುತ್ತದೆ, ಅಂದರೆ ನಾಲ್ಕು ಏಟಿಗೆ ಕ್ರೀಪರ್ ಮುಗಿಯಿತು. ಬಾಳಿಕೆ 131 ಇರುವ ಕತ್ತಿಯಿಂದ 32 ಕ್ರೀಪರ್ ಹೊಡೆಯಬಹುದು. ಕಬ್ಬಿಣದ ಕತ್ತಿಯ ಏಟು 6. ಮೂರು ಏಟಿಗೆ 18 ಆಗಿ ಎರಡು ಅಂಶ ಉಳಿದುಬಿಡುತ್ತದೆ, ಆ ಎರಡಕ್ಕಾಗಿ ನಾಲ್ಕನೇ ಏಟು ಬೇಕು. ಹಾಗಾಗಿ 250 ಬಾಳಿಕೆಯಲ್ಲಿ 62 ಕ್ರೀಪರ್. ವಜ್ರದ ಏಟು 7, ಮೂರಕ್ಕೇ 21 ಆಗಿ ಕೆಲಸ ಮುಗಿಯುತ್ತದೆ. 1561ರಲ್ಲಿ 520 ಕ್ರೀಪರ್.

ಬಾಳಿಕೆಯಲ್ಲಿ ವಜ್ರ ಕಬ್ಬಿಣದ ಆರು ಪಟ್ಟು ಚಿಲ್ಲರೆ, ಕೆಲಸದಲ್ಲಿ ಎಂಟು ಪಟ್ಟಿಗೂ ಹೆಚ್ಚು. ಇನ್ನೊಂದು ಉಪಾಯವಿದೆ. ಜಿಗಿದು, ಕೆಳಗೆ ಬೀಳುತ್ತಿರುವ ಹೊತ್ತಿನಲ್ಲಿ ಹೊಡೆದರೆ ಏಟಿನ ಪೆಟ್ಟು ಒಂದೂವರೆ ಪಟ್ಟಾಗುತ್ತದೆ. ಆಗ ವಜ್ರದ ಏಟು ಹತ್ತೂವರೆ, ಕ್ರೀಪರ್ ಎರಡೇ ಏಟಿಗೆ ಬೀಳುತ್ತದೆ. ಅದೇ ಕತ್ತಿಯಲ್ಲಿ 520ರ ಬದಲು 780. ಒಂದು ವಜ್ರವನ್ನೂ ಖರ್ಚು ಮಾಡದೆ ಕತ್ತಿಯ ಆಯುಸ್ಸು ಒಂದೂವರೆ ಪಟ್ಟಾಯಿತು.

ಅವಸರಪಟ್ಟರೆ ಇದು ಉಲ್ಟಾ ಹೊಡೆಯುತ್ತದೆ. ಪ್ರತಿ ಬೀಸಿನ ನಂತರ ಕತ್ತಿ ಪೂರ್ತಿ ಬಲಕ್ಕೆ ಬರಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಮೌಸ್ ಕುಟ್ಟಿದರೆ ಏಟಿನ ಪೆಟ್ಟು ಕಡಿಮೆಯಾಗುತ್ತದೆ, ಆದರೆ ತಗುಲಿದ ಏಟಿಗೆ ಸವೆತ ಮಾತ್ರ ಪೂರ್ತಿ ಒಂದು. ಭಯಕ್ಕೆ ಪಟಪಟ ಹೊಡೆಯುವವರ ಕತ್ತಿ ಬೇಗ ಮುರಿಯುವುದು ಇದರಿಂದಲೇ.

## ಎರಡು ಹಳೆಯದು ಸೇರಿ ಒಂದು

ರಿಪೇರಿಯ ಅತಿ ಅಗ್ಗದ ದಾರಿ ಎಂದರೆ ಒಂದೇ ಜಾತಿಯ ಎರಡು ಹಳೆಯ ಆಯುಧಗಳನ್ನು ಸೇರಿಸುವುದು. ಇದಕ್ಕೆ ಲೆವೆಲ್ ಬೇಡ, ವಜ್ರ ಬೇಡ. ಸಾಮಾನು ತಯಾರಿಸುವ ಚೌಕದಲ್ಲೇ ಎರಡನ್ನೂ ಇಟ್ಟರೆ ಒಂದು ಹೊರಬರುತ್ತದೆ. ಎರಡರ ಉಳಿದ ಬಾಳಿಕೆ ಕೂಡಿ, ಮೇಲೆ ಪೂರ್ಣ ಬಾಳಿಕೆಯ ಶೇ. 5ರಷ್ಟು ಕೊಸರು ಸಿಗುತ್ತದೆ. ಸಾಣೆಕಲ್ಲು, ಅಂದರೆ ಗ್ರೈಂಡ್‌ಸ್ಟೋನ್, ಮಾಡುವುದೂ ಇದೇ ಕೆಲಸ. ಎರಡು ದಾರಿಯಲ್ಲೂ ಮಂತ್ರಗಳು ಅಳಿಸಿಹೋಗುತ್ತವೆ. ಗ್ರೈಂಡ್‌ಸ್ಟೋನ್ ಆದರೆ ಅಳಿಸಿದ್ದಕ್ಕೆ ಒಂದಿಷ್ಟು ಅನುಭವದ ಅಂಕ ಹಿಂದಿರುಗಿಸುತ್ತದೆ.

ಯಾವಾಗ ಸೇರಿಸುತ್ತೀರಿ ಎನ್ನುವುದೇ ಇಲ್ಲಿ ಮುಖ್ಯ. ಹೊಸ ಆಯುಧದ ಬಾಳಿಕೆಗಿಂತ ಮೇಲೆ ಹೋಗಲು ಬರುವುದಿಲ್ಲ. 200 ಉಳಿದ ಕಬ್ಬಿಣದ ಕತ್ತಿಗೆ 150 ಉಳಿದದ್ದನ್ನು ಸೇರಿಸಿದರೆ ಸಿಗುವುದು 250 ಮಾತ್ರ, ನೂರು ಏಟು ಚೆಲ್ಲಿಹೋಯಿತು. ಅದೇ 200ಕ್ಕೆ 30 ಉಳಿದ ಕತ್ತಿ ಸೇರಿಸಿದರೆ 230, ಕೊಸರು 12, ಒಟ್ಟು 242. ಏನೂ ಪೋಲಾಗಲಿಲ್ಲ. ಎರಡು ಅರ್ಧ ಕೊಡದ ನೀರನ್ನು ಒಂದು ಕೊಡಕ್ಕೆ ಸುರಿಯಬಹುದು, ಎರಡು ಮುಕ್ಕಾಲು ಕೊಡವನ್ನು ಸುರಿದರೆ ಚೆಲ್ಲುತ್ತದೆ.

ಇದು ಹೆಚ್ಚು ಉಪಯೋಗಕ್ಕೆ ಬರುವುದು ಬಿಲ್ಲಿಗೆ. ಅಸ್ಥಿಪಂಜರಗಳು ಸತ್ತಾಗ ಆಗಾಗ ಸವೆದ ಬಿಲ್ಲು ಬಿಟ್ಟುಹೋಗುತ್ತವೆ. ಅವನ್ನು ಬಿಸಾಡದೆ ಜೋಡಿ ಜೋಡಿಯಾಗಿ ಸೇರಿಸುತ್ತ ಹೋದರೆ 384 ಬಾಳಿಕೆಯ ಬಿಲ್ಲು ಪುಕ್ಕಟೆಯಾಗಿ ಕೈಗೆ ಬರುತ್ತದೆ.

## ಆನ್ವಿಲ್‌ಗೆ ವಜ್ರ ಹಾಕಬೇಕೋ, ಕತ್ತಿ ಹಾಕಬೇಕೋ

ಮಂತ್ರ ಹಾಕಿದ ಕತ್ತಿಯನ್ನು ಸಾಣೆಕಲ್ಲಿಗೆ ಕೊಡುವಂತಿಲ್ಲ. ಅದಕ್ಕೆ ಕಮ್ಮಾರನ ಅಡಿಗಲ್ಲೇ ಬೇಕು, ಆಟದ ಭಾಷೆಯಲ್ಲಿ ಆನ್ವಿಲ್. ಅದನ್ನು ಮಾಡಲು 31 ಕಬ್ಬಿಣದ ಗಟ್ಟಿ ಹಿಡಿಯುತ್ತದೆ. ಅದೂ ಸವೆಯುತ್ತದೆ. ಪ್ರತಿ ಬಳಕೆಗೂ ಒಂದು ಹಂತ ಬಿರುಕು ಬಿಡುವ ಸಾಧ್ಯತೆ ಶೇ. 12, ಮೂರನೇ ಸಲ ಕೆಟ್ಟರೆ ಒಡೆದುಹೋಗುತ್ತದೆ. ಸರಾಸರಿ 25 ಕೆಲಸಕ್ಕೆ ಒಂದು ಆನ್ವಿಲ್ ಎಂದಿಟ್ಟುಕೊಳ್ಳಿ.

ಆನ್ವಿಲ್ ಮೇಲೆ ರಿಪೇರಿಗೆ ಎರಡು ದಾರಿ. ಒಂದು, ಕತ್ತಿಯ ಪಕ್ಕದಲ್ಲಿ ವಜ್ರ ಇಡುವುದು. ಒಂದು ವಜ್ರಕ್ಕೆ ಪೂರ್ಣ ಬಾಳಿಕೆಯ ಕಾಲು ಭಾಗ ತುಂಬುತ್ತದೆ, ಅಂದರೆ 390. ಪೂರ್ತಿ ಸವೆದ ಕತ್ತಿಗೆ ನಾಲ್ಕು ವಜ್ರ ಬೇಕು, ಒಂದು ವಜ್ರಕ್ಕೆ ಒಂದು ಲೆವೆಲ್ ಶುಲ್ಕ.

ಇಲ್ಲಿ ಒಂದು ವಿಚಿತ್ರವಿದೆ. ವಜ್ರದ ಕತ್ತಿಯನ್ನು ಹೊಸದಾಗಿ ಮಾಡಲು ಬೇಕಾಗುವುದು ಎರಡೇ ವಜ್ರ, ಒಂದು ಕಡ್ಡಿ. ಹೊಸದಕ್ಕೆ ಎರಡು, ರಿಪೇರಿಗೆ ನಾಲ್ಕು! ಹೊಸ ಚಪ್ಪಲಿಯ ಬೆಲೆಗಿಂತ ಉಂಗುಷ್ಠ ಹೊಲಿಸುವ ಕೂಲಿ ಹೆಚ್ಚಾದ ಹಾಗೆ. ಆಟ ಎಲ್ಲ ಸಾಮಾನಿಗೂ ಒಂದೇ 'ಕಾಲು ಭಾಗ' ನಿಯಮ ಹಾಕಿದೆ, ಅದನ್ನು ಮಾಡಲು ಎಷ್ಟು ಹಿಡಿಯಿತು ಎಂದು ನೋಡುವುದಿಲ್ಲ. ಎಂಟು ವಜ್ರ ಹಿಡಿಯುವ ಎದೆಗವಚಕ್ಕೂ ನಾಲ್ಕೇ ವಜ್ರದ ರಿಪೇರಿ. ಅಲ್ಲಿ ಅದು ಭಾರಿ ಲಾಭ, ಕತ್ತಿಗೆ ನಷ್ಟ. ಮಾಡಲು ನಾಲ್ಕಕ್ಕಿಂತ ಹೆಚ್ಚು ಹಿಡಿಯುವುದಕ್ಕೆ ಬಿಡಿ ವಜ್ರ ಹಾಕಿ, ನಾಲ್ಕಕ್ಕಿಂತ ಕಡಿಮೆ ಹಿಡಿಯುವುದಕ್ಕೆ ಬೇರೆ ದಾರಿ ಹಿಡಿಯಿರಿ.

ಆ ಬೇರೆ ದಾರಿ ಎಂದರೆ ಕತ್ತಿಗೆ ಕತ್ತಿಯನ್ನೇ ಬಲಿ ಕೊಡುವುದು. ಮಂತ್ರದ ಕತ್ತಿಯ ಪಕ್ಕದಲ್ಲಿ ಮಂತ್ರವಿಲ್ಲದ ಸಾದಾ ವಜ್ರದ ಕತ್ತಿ ಇಟ್ಟರೆ ಎರಡರ ಬಾಳಿಕೆ ಕೂಡುತ್ತದೆ, ಕೊಸರು ಶೇ. 12, ಶುಲ್ಕ ಎರಡು ಲೆವೆಲ್. ಮಂತ್ರಗಳು ಹಾಗೇ ಉಳಿಯುತ್ತವೆ. ನಾಲ್ಕು ವಜ್ರ, ನಾಲ್ಕು ಲೆವೆಲ್ ತಿನ್ನುತ್ತಿದ್ದ ಕೆಲಸ ಎರಡು ವಜ್ರ, ಎರಡು ಲೆವೆಲ್‌ಗೆ ಮುಗಿಯಿತು.

ಆದರೆ ಹೊಚ್ಚ ಹೊಸ ಕತ್ತಿಯನ್ನೇ ಬಲಿ ಕೊಡಬೇಡಿ. ಅಕ್ಕನ ಮಗನ ಕತ್ತಿಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ 61 ಉಳಿದಿದೆ. ಶೇ. 12ರ ಕೊಸರು ಎಂದರೆ 187. ಎರಡೂ ಸೇರಿ 248. ಹಾಗಾದರೆ ಬಲಿಯಾಗುವ ಕತ್ತಿಯಲ್ಲಿ 1313 ಇದ್ದರೆ ಸಾಕು, ಒಟ್ಟು 1561 ತುಂಬುತ್ತದೆ. ಹೊಸ ಕತ್ತಿಯನ್ನು ಮೊದಲು 248 ಏಟು, ಅಂದರೆ ಎಂಬತ್ತೆರಡು ಕ್ರೀಪರ್, ಹೊಡೆದು ಆಮೇಲೆ ಬಲಿ ಕೊಟ್ಟರೂ ಫಲ ಅಷ್ಟೇ. ಇದು ಹೆಚ್ಚುಕಡಿಮೆ ಒಂದು ಕಬ್ಬಿಣದ ಕತ್ತಿಯ ಇಡೀ ಆಯುಸ್ಸಿಗೆ ಸಮ. ಗೊತ್ತಿಲ್ಲದವರು ಪ್ರತಿ ರಿಪೇರಿಯಲ್ಲೂ ಅಷ್ಟನ್ನು ಚೆಲ್ಲುತ್ತಾರೆ.

## ಆನ್ವಿಲ್‌ನ ಮೀಟರ್ ಬಡ್ಡಿ

ಹಾಗಾದರೆ ಎರಡೆರಡು ವಜ್ರ ಖರ್ಚು ಮಾಡುತ್ತ ಒಂದೇ ಕತ್ತಿಯನ್ನು ಜೀವನವಿಡೀ ಓಡಿಸಬಹುದಲ್ಲ? ಆಗುವುದಿಲ್ಲ. ಆನ್ವಿಲ್ ಪ್ರತಿ ಸಾಮಾನಿನ ಮೇಲೂ ಕಣ್ಣಿಗೆ ಕಾಣದ ಒಂದು ಲೆಕ್ಕ ಬರೆದಿಡುತ್ತದೆ: ಇದು ನನ್ನ ಹತ್ತಿರ ಎಷ್ಟು ಸಲ ಬಂದಿದೆ? ಪ್ರತಿ ಭೇಟಿಗೂ ದಂಡ ಏರುತ್ತದೆ. ಮೊದಲ ಸಲ ದಂಡವಿಲ್ಲ. ಎರಡನೇ ಸಲ 1 ಲೆವೆಲ್, ಆಮೇಲೆ 3, 7, 15, 31, 63. ಪ್ರತಿ ಸಲ ಎರಡರಷ್ಟಾಗಿ ಮೇಲೊಂದು. ಊರಲ್ಲಿ ಮೀಟರ್ ಬಡ್ಡಿಗೆ ಸಾಲ ತಂದವರ ಕತೆ ಕೇಳಿದ್ದರೆ ಇದು ಬೇಗ ಅರ್ಥವಾಗುತ್ತದೆ.

ಬಲಿ ಕೊಡುವ ರಿಪೇರಿಯ ಎರಡು ಲೆವೆಲ್ ಶುಲ್ಕ ಸೇರಿಸಿದರೆ ಒಂದರ ಹಿಂದೊಂದು ರಿಪೇರಿಯ ಬೆಲೆ 2, 3, 5, 9, 17, 33 ಲೆವೆಲ್. ಏಳನೆಯದು 65. ಸರ್ವೈವಲ್ ಆಟದಲ್ಲಿ ಒಂದು ಕೆಲಸಕ್ಕೆ 40 ಲೆವೆಲ್ ಅಥವಾ ಹೆಚ್ಚು ಬಿದ್ದರೆ ಆನ್ವಿಲ್ ಮಾಡುವುದೇ ಇಲ್ಲ. ನಿಮ್ಮ ಹತ್ತಿರ ನೂರು ಲೆವೆಲ್ ಇದ್ದರೂ `Too Expensive!` ಎಂದೇ ಬರುತ್ತದೆ.

ದಂಡದ ಲೆಕ್ಕಕ್ಕೆ ರಿಪೇರಿ ಮಾತ್ರ ಬರುವುದಿಲ್ಲ, ಮಂತ್ರದ ಪುಸ್ತಕವನ್ನು ಕತ್ತಿಗೆ ಸೇರಿಸಿದ್ದೂ ಒಂದು ಭೇಟಿಯೇ. ನಮ್ಮ ಹುಡುಗ ಎಡವಿದ್ದು ಇಲ್ಲೇ. ಅವನು ಶಾರ್ಪ್‌ನೆಸ್, ಅನ್‌ಬ್ರೇಕಿಂಗ್, ಲೂಟಿಂಗ್ ಎಂಬ ಮೂರು ಪುಸ್ತಕಗಳನ್ನು ಸಿಕ್ಕ ಸಿಕ್ಕ ಹಾಗೆ ಒಂದೊಂದಾಗಿ ಹಾಕಿದ್ದ. ಮೂರು ಭೇಟಿ ಅಲ್ಲೇ ಮುಗಿದವು. ಹಾಗಾಗಿ ಅವನ ಮೊದಲ ರಿಪೇರಿಗೇ 9 ಲೆವೆಲ್ ಬಿತ್ತು, ಎರಡನೆಯದಕ್ಕೆ 17, ಮೂರನೆಯದಕ್ಕೆ 33. ನಾಲ್ಕನೆಯದಕ್ಕೆ ಬಾಗಿಲು ಮುಚ್ಚಿತು.

ಬೇರೆ ಕ್ರಮದಲ್ಲಿ ಮಾಡಿದ್ದರೆ ಒಂದು ರಿಪೇರಿ ಉಳಿಯುತ್ತಿತ್ತು. ಎರಡು ಸಾಮಾನು ಸೇರಿದಾಗ ಅವುಗಳ ಭೇಟಿಯ ಲೆಕ್ಕ ಕೂಡುವುದಿಲ್ಲ. ಎರಡರಲ್ಲಿ ದೊಡ್ಡದು ಯಾವುದೋ ಅದಕ್ಕೆ ಒಂದು ಸೇರುತ್ತದೆ, ಅಷ್ಟೆ. ಮೊದಲ ಪುಸ್ತಕವನ್ನು ಕತ್ತಿಗೆ ಹಾಕಿ, ಉಳಿದೆರಡು ಪುಸ್ತಕಗಳನ್ನು ಅವುಗಳಲ್ಲೇ ಒಂದು ಮಾಡಿ, ಆಮೇಲೆ ಆ ಜೋಡಿ ಪುಸ್ತಕವನ್ನು ಕತ್ತಿಗೆ ಸೇರಿಸಿದರೆ ಕತ್ತಿಯ ಲೆಕ್ಕ ಮೂರರ ಬದಲು ಎರಡಕ್ಕೆ ನಿಲ್ಲುತ್ತದೆ. ಕಬಡ್ಡಿ ಪಂದ್ಯಾವಳಿಯಲ್ಲಿ ನಾಲ್ಕು ತಂಡಗಳಿದ್ದರೆ ಗೆಲ್ಲುವ ತಂಡ ಎರಡೇ ಆಟ ಆಡುತ್ತದೆ, ಎಲ್ಲರ ಮೇಲೂ ಒಂದೊಂದಾಗಿ ಆಡುವುದಿಲ್ಲ. ಅದೇ ಲೆಕ್ಕ.

## ಎಲ್ಲ ಲೆವೆಲ್ ಒಂದೇ ಬೆಲೆಯಲ್ಲ

ಶತ್ರುಗಳನ್ನು ಕೊಂದಾಗ, ಅದಿರು ಒಡೆದಾಗ ಸಿಗುವ ಹಸಿರು ಹರಳುಗಳೇ ಅನುಭವದ ಅಂಕ, ಎಕ್ಸ್‌ಪಿ. ಕ್ರೀಪರ್, ಜೋಂಬಿಯಂಥ ಸಾಧಾರಣ ಶತ್ರುಗಳಿಗೆ 5 ಅಂಕ. ಅಂಕ ಕೂಡಿ ಲೆವೆಲ್ ಆಗುತ್ತದೆ, ಆದರೆ ಒಂದೊಂದು ಲೆವೆಲ್‌ಗೂ ಬೇಕಾಗುವ ಅಂಕ ಏರುತ್ತ ಹೋಗುತ್ತದೆ.

ಸೊನ್ನೆಯಿಂದ 5ನೇ ಲೆವೆಲ್‌ಗೆ ಏರಲು 55 ಅಂಕ ಸಾಕು. 25ರಿಂದ 30ಕ್ಕೆ ಏರಲು 485 ಅಂಕ ಬೇಕು. ಆನ್ವಿಲ್ ಶುಲ್ಕ ಕೇಳುವುದು ಲೆವೆಲ್ ಲೆಕ್ಕದಲ್ಲಿ, ಅಂಕದ ಲೆಕ್ಕದಲ್ಲಲ್ಲ. ಅಂದರೆ 5 ಲೆವೆಲ್ ಬೆಲೆಯ ಅದೇ ರಿಪೇರಿಯನ್ನು 5ನೇ ಲೆವೆಲ್‌ನಲ್ಲಿ ನಿಂತು ಮಾಡಿಸಿದರೆ ಹನ್ನೊಂದು ಕ್ರೀಪರ್‌ಗಳ ಗಳಿಕೆ ಹೋಗುತ್ತದೆ. 30ರಲ್ಲಿ ನಿಂತು ಮಾಡಿಸಿದರೆ ತೊಂಬತ್ತೇಳು ಕ್ರೀಪರ್‌ಗಳ ಗಳಿಕೆ. ಕೆಲಸ ಅದೇ, ಫಲ ಅದೇ.

ಹಾಗಾಗಿ ದೊಡ್ಡ ಮಂತ್ರಕ್ಕೆಂದು 30 ಲೆವೆಲ್ ಕೂಡಿಹಾಕುತ್ತಿರುವವರು ದಾರಿಯಲ್ಲಿ ರಿಪೇರಿಗೆ ಕೈ ಹಾಕಬಾರದು. ಮಂತ್ರದ ಕೆಲಸ ಮುಗಿಸಿ, ಅಥವಾ ಸತ್ತು ಹೊಸದಾಗಿ ಶುರು ಮಾಡಿ ಲೆವೆಲ್ ಕೆಳಗಿರುವಾಗ, ಸಣ್ಣ ಪುಟ್ಟ ರಿಪೇರಿಗಳನ್ನೆಲ್ಲ ಮಾಡಿಕೊಳ್ಳುವುದು ಜಾಣತನ.

ಈ ದೃಷ್ಟಿಯಿಂದ ಮೀಟರ್ ಬಡ್ಡಿಯನ್ನು ಇನ್ನೊಮ್ಮೆ ನೋಡಿ. ಸರಿಯಾಗಿ ಬೇಕಾದಷ್ಟೇ ಲೆವೆಲ್ ಇಟ್ಟುಕೊಂಡು ಹೋದರೂ ಮೊದಲ ರಿಪೇರಿಗೆ 16 ಅಂಕ, ಐದನೆಯದಕ್ಕೆ 394, ಆರನೆಯದಕ್ಕೆ 1758. ಮೊದಲ ಐದನ್ನೂ ಕೂಡಿದರೆ 627 ಆಗುತ್ತದೆ, ಆರನೆಯದೊಂದೇ ಅದರ ಮೂರು ಪಟ್ಟಿಗೆ ಹತ್ತಿರ. ನನ್ನ ಪ್ರಕಾರ ಆರನೇ ರಿಪೇರಿಯನ್ನು ಯಾರೂ ಮಾಡಿಸಬಾರದು. ಆನ್ವಿಲ್ 'ಆಗಲ್ಲ' ಎನ್ನುವ ಮೊದಲೇ ನಾವು ಎದ್ದು ಬರಬೇಕು.

## ಮೆಂಡಿಂಗ್: ತಾನೇ ಮಾಯುವ ಗಾಯ

2016ರಲ್ಲಿ ಬಂದ 1.9 ಆವೃತ್ತಿಯಲ್ಲಿ ಮೆಂಡಿಂಗ್ ಎಂಬ ಮಂತ್ರ ಸೇರಿತು. ಅದಿದ್ದ ಕತ್ತಿ ಕೈಯಲ್ಲಿರುವಾಗ ಸಿಗುವ ಎಕ್ಸ್‌ಪಿ ನಿಮ್ಮ ಲೆವೆಲ್‌ಗೆ ಹೋಗುವ ಬದಲು ಕತ್ತಿಯ ಗಾಯಕ್ಕೆ ಹೋಗುತ್ತದೆ. ಒಂದು ಅಂಕಕ್ಕೆ 2 ಬಾಳಿಕೆ ಮರಳುತ್ತದೆ. ಕ್ರೀಪರ್ ಕೊಲ್ಲಲು ಮೂರು ಏಟು, ಅಂದರೆ 3 ಸವೆತ. ಸತ್ತ ಕ್ರೀಪರ್ ಕೊಡುವ 5 ಅಂಕದಿಂದ 10 ಬಾಳಿಕೆ ವಾಪಸ್ ಬರುತ್ತದೆ. ಸವೆತಕ್ಕಿಂತ ಗಳಿಕೆಯೇ ಹೆಚ್ಚು, ಕತ್ತಿ ತುಂಬಿದ ಮೇಲೆ ಉಳಿದ ಅಂಕ ನಿಮಗೇ. ಆನ್ವಿಲ್ ಬೇಡ, ದಂಡದ ಲೆಕ್ಕವೂ ಏರುವುದಿಲ್ಲ.

ಅನ್‌ಬ್ರೇಕಿಂಗ್ ಎಂಬುದು ಬೇರೆ ಮಂತ್ರ. ಅದು ಗಾಯ ಮಾಯಿಸುವುದಿಲ್ಲ, ಗಾಯವಾಗುವುದನ್ನೇ ತಪ್ಪಿಸುತ್ತದೆ. ಅದರ ಮೂರನೇ ಹಂತ ಕತ್ತಿಗಿದ್ದರೆ ನಾಲ್ಕು ಏಟಿನಲ್ಲಿ ಸರಾಸರಿ ಒಂದಕ್ಕೆ ಮಾತ್ರ ಸವೆತ. 1561 ಬಾಳಿಕೆಯ ಕತ್ತಿ ಸುಮಾರು ಆರು ಸಾವಿರದ ಇನ್ನೂರು ಏಟು ಬಾಳುತ್ತದೆ. ಮೆಂಡಿಂಗ್ ಸಿಗುವವರೆಗೆ ಇದೇ ಆಸರೆ.

ಮೆಂಡಿಂಗ್ ಮಂತ್ರದ ಮೇಜಿನಲ್ಲಿ ಸಿಗುವುದಿಲ್ಲ. ಗಾಳ ಹಾಕಿದಾಗ, ಹಳೆಯ ಪೆಟ್ಟಿಗೆಗಳಲ್ಲಿ ಅದೃಷ್ಟವಿದ್ದರೆ ಸಿಗಬಹುದು. ಭರವಸೆಯ ದಾರಿ ಎಂದರೆ ಹಳ್ಳಿಯ ಲೈಬ್ರೇರಿಯನ್‌ನಿಂದ ಪಚ್ಚೆ ಕೊಟ್ಟು ಕೊಳ್ಳುವುದು.

ಇದ್ದೂ ಕೆಲಸ ಮಾಡುತ್ತಿಲ್ಲ ಅನ್ನಿಸುವುದಕ್ಕೆ ಒಂದು ಕಾರಣವಿದೆ. ಕವಚಕ್ಕೂ ಮೆಂಡಿಂಗ್ ಹಾಕಿದ್ದರೆ, ತೊಟ್ಟ ಮತ್ತು ಹಿಡಿದ ಸಾಮಾನುಗಳಲ್ಲಿ ಗಾಯಗೊಂಡ ಯಾವುದೋ ಒಂದಕ್ಕೆ ಎಕ್ಸ್‌ಪಿ ಹೋಗುತ್ತದೆ. ನಾಲ್ಕು ಕವಚ, ಒಂದು ಕತ್ತಿ ಎಲ್ಲವೂ ಸವೆದಿದ್ದರೆ ಕತ್ತಿಯ ಸರದಿ ಐದರಲ್ಲಿ ಒಂದು. ಕತ್ತಿ ಬೇಗ ತುಂಬಬೇಕಿದ್ದರೆ ಸುರಕ್ಷಿತ ಜಾಗದಲ್ಲಿ ಕವಚ ಕಳಚಿಡಿ. ಚೀಲದಲ್ಲಿ ಸುಮ್ಮನೆ ಬಿದ್ದಿರುವ ಕತ್ತಿಗೆ ಏನೂ ಸಿಗುವುದಿಲ್ಲ, ಅದು ಒಂದಲ್ಲ ಒಂದು ಕೈಯಲ್ಲಿರಬೇಕು.

ಒಂದು ಹೋಲಿಕೆ ಮಾಡಿ ನೋಡಿದರೆ ಅಚ್ಚರಿಯಾಗುತ್ತದೆ. ಪೂರ್ತಿ ಸವೆದ ವಜ್ರದ ಕತ್ತಿಯನ್ನು ಮೆಂಡಿಂಗ್‌ನಿಂದ ತುಂಬಿಸಲು ಸುಮಾರು 780 ಅಂಕ ಬೇಕು. ಆನ್ವಿಲ್‌ನ ಐದನೇ ರಿಪೇರಿಗೂ 394 ಸಾಕಿತ್ತು. ಅಂದರೆ ವಜ್ರ ಧಾರಾಳವಾಗಿದ್ದು ಎಕ್ಸ್‌ಪಿ ಕಡಿಮೆಯಿರುವಾಗ ಆನ್ವಿಲ್ಲೇ ಅಗ್ಗ. ವಜ್ರ ಕಡಿಮೆಯಿದ್ದು ಹೊಡೆದಾಟ ಹೆಚ್ಚಿದ್ದರೆ ಮೆಂಡಿಂಗ್. ನೆದರೈಟ್ ಕತ್ತಿಗೆ ಮಾತ್ರ ಈ ಆಯ್ಕೆ ಇಲ್ಲ. ಅದಕ್ಕೆ ಬೇಕಾದ ಒಂದೊಂದು ಗಟ್ಟಿಗೂ ನಾಲ್ಕು ನೆದರೈಟ್ ಚೂರು, ನಾಲ್ಕು ಚಿನ್ನ ಹೋಗುತ್ತದೆ. ಮೆಂಡಿಂಗ್ ಇಲ್ಲದೆ ನೆದರೈಟ್ ಕತ್ತಿಯನ್ನು ದಿನಬಳಕೆಗೆ ತೆಗೆಯುವುದು ದುಂದುಗಾರಿಕೆ.

## ಒಂಬತ್ತು ವಜ್ರ ಸಿಕ್ಕರೆ

ಈಗ ಒಂದು ಯೋಜನೆ ಹಾಕೋಣ. ಮೊದಲ ಗಣಿಯಿಂದ ಒಂಬತ್ತು ವಜ್ರ, 64 ಕಬ್ಬಿಣದ ಗಟ್ಟಿ ಬಂದಿವೆ ಎಂದುಕೊಳ್ಳಿ. ಹೆಚ್ಚಿನವರು ಮೊದಲು ಕತ್ತಿ ಮಾಡಿ ಖುಷಿಪಡುತ್ತಾರೆ. ನಾನು ಮೂರು ವಜ್ರಕ್ಕೆ ಗುದ್ದಲಿ ಮಾಡುತ್ತೇನೆ, ಏಕೆಂದರೆ ಮಂತ್ರದ ಮೇಜಿಗೆ ಬೇಕಾದ ನಾಲ್ಕು ಅಬ್ಸಿಡಿಯನ್ ಕಲ್ಲುಗಳನ್ನು ಕಬ್ಬಿಣದ ಗುದ್ದಲಿಯಿಂದ ಒಡೆದು ತರಲು ಆಗುವುದಿಲ್ಲ. ಆ ಮೇಜಿಗೆ ಇನ್ನೆರಡು ವಜ್ರ. ಐದು ಹೋಯಿತು, ನಾಲ್ಕು ಉಳಿಯಿತು.

ಅಲ್ಲಿಯವರೆಗಿನ ಹೊಡೆದಾಟಕ್ಕೆಲ್ಲ ಕಬ್ಬಿಣವೇ ಸಾಕು. ಎರಡು ಗಟ್ಟಿಗೆ 62 ಕ್ರೀಪರ್. ಆನ್ವಿಲ್‌ಗೆ 31 ಗಟ್ಟಿ ಎತ್ತಿಟ್ಟರೂ ಉಳಿದ 33ರಲ್ಲಿ ಹದಿನಾರು ಕತ್ತಿ, ಅಂದರೆ ಸಾವಿರ ಕ್ರೀಪರ್‌ಗೆ ಸಾಲುವಷ್ಟು. ಅಷ್ಟು ಹೊತ್ತಿಗೆ ಐದು ಸಾವಿರ ಅಂಕ ಗಳಿಸಿರುತ್ತೀರಿ.

ಉಳಿದ ನಾಲ್ಕರಲ್ಲಿ ಎರಡಕ್ಕೆ ಕತ್ತಿ ಮಾಡಿ, ಮೇಜಿನ ಮೇಲೆ ಮಂತ್ರ ಹಾಕಿಸಬೇಕು. ಮೇಜಿನ ಮಂತ್ರ ಆನ್ವಿಲ್‌ನ ದಂಡದ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಕತ್ತಿಯ ಪುಟ ಖಾಲಿ. ಕೊನೆಯ ಎರಡು ವಜ್ರ ಬಲಿಯ ಕತ್ತಿಗೆ. ಅದನ್ನು ಈಗಲೇ ಮಾಡಬೇಡಿ. ಮೊದಲ ಕತ್ತಿಯಲ್ಲಿ ಮುನ್ನೂರರಷ್ಟು ಉಳಿದಾಗ ಮಾಡಿ, ಅಲ್ಲಿಂದ ಎರಡನ್ನೂ ಬಳಸುತ್ತ ಹೋಗಿ. ಒಟ್ಟು ಉಳಿಕೆ 1374ಕ್ಕೆ ಇಳಿದಾಗ ಸೇರಿಸಿದರೆ ಕೊಸರು ಪೂರ್ತಿ ಸಿಕ್ಕಿ ಕತ್ತಿ ಹೊಸದಾಗುತ್ತದೆ. ಮೆಂಡಿಂಗ್ ಪುಸ್ತಕ ಸಿಕ್ಕ ದಿನ ಹಾಕಿಕೊಳ್ಳಲು ಆನ್ವಿಲ್‌ನಲ್ಲಿ ಒಂದು ಭೇಟಿ ಯಾವಾಗಲೂ ಉಳಿಸಿಕೊಂಡಿರಿ.

## ಬೇರೆ ಆಟಗಳಲ್ಲಿ

ಈ ಅಂಕಿಗಳನ್ನು ಬೇರೆ ಆಟಕ್ಕೆ ಹೊತ್ತುಕೊಂಡು ಹೋಗುವಂತಿಲ್ಲ. ವಾಲ್‌ಹೈಮ್‌ನಲ್ಲಿ ಕೆಲಸದ ಮೇಜಿನ ಹತ್ತಿರ ಬಂದರೆ ರಿಪೇರಿ ಪುಕ್ಕಟೆ. ಅಲ್ಲಿ ಸವೆತ ಕೇಳುವುದು ಸಾಮಗ್ರಿಯನ್ನಲ್ಲ, ಮನೆಗೆ ಮರಳುವ ಸಮಯವನ್ನು. ಹೊಸ ಪ್ರದೇಶಕ್ಕೆ ಹೋದ ಕೂಡಲೇ ಒಂದು ಸಣ್ಣ ಗುಡಿಸಲು, ಮೇಜು ಹಾಕಿಕೊಳ್ಳುವುದೇ ಅಲ್ಲಿನ ಯೋಜನೆ. ರಸ್ಟ್‌ನಲ್ಲಿ ರಿಪೇರಿಗೆ ಸಾಮಗ್ರಿ ಹೋಗುವುದಲ್ಲದೆ, ಪ್ರತಿ ಸಲ ಆಯುಧದ ಗರಿಷ್ಠ ಬಾಳಿಕೆಯೇ ಸ್ವಲ್ಪ ಕುಗ್ಗುತ್ತದೆ. ಪದೇ ಪದೇ ಸಾಣೆ ಹಿಡಿಸಿದ ಕುಡುಗೋಲು ತೆಳ್ಳಗಾಗುವುದು ಹೀಗೆಯೇ. ಹೊಸ ಆಟ ಶುರು ಮಾಡಿದಾಗ ಮೊದಲು ಪತ್ತೆ ಮಾಡಬೇಕಾದದ್ದು, ರಿಪೇರಿಯಿಂದ ಏನು ಕಳೆಯುತ್ತದೆ ಎಂಬುದನ್ನು: ಸಾಮಗ್ರಿಯೋ, ಸಮಯವೋ, ಆಯುಧದ ಆಯುಸ್ಸೋ?

## ಆ ಕತ್ತಿ ಏನಾಯಿತು

61 ಉಳಿದ ಆ ಕತ್ತಿಗೆ ಮೆಂಡಿಂಗ್ ಹಾಕೋಣ ಎಂದ ನಮ್ಮ ಹುಡುಗ. ಪುಸ್ತಕ ಹಾಕುವುದೂ ಆನ್ವಿಲ್ ಮೇಲೆಯೇ, ಅಲ್ಲೂ ಅದೇ ಕೆಂಪಕ್ಷರ. ಗ್ರೈಂಡ್‌ಸ್ಟೋನ್‌ಗೆ ಕೊಟ್ಟರೆ ದಂಡದ ಲೆಕ್ಕ ಅಳಿಸಿ ಸೊನ್ನೆಯಾಗುತ್ತದೆ, ಒಂದಿಷ್ಟು ಎಕ್ಸ್‌ಪಿ ಕೂಡ ವಾಪಸ್ ಬರುತ್ತದೆ, ಆದರೆ ಮೂರು ಮಂತ್ರಗಳೂ ಹೋಗುತ್ತವೆ. ಆಮೇಲೆ ಉಳಿಯುವುದು 61 ಏಟಿನ ಸಾದಾ ಕತ್ತಿ, ಮುಂದಿನ ಕತ್ತಿಗೆ ಬಲಿ ಕೊಡಲು ಅಲ್ಪಸ್ವಲ್ಪ ಉಪಯೋಗಕ್ಕೆ ಬರುವಂಥದ್ದು.

ಅವನು ಬಹಳ ಹೊತ್ತು ಯೋಚಿಸಿ ಎರಡನ್ನೂ ಮಾಡಲಿಲ್ಲ. ಮನೆಯ ಬಾಗಿಲ ಮೇಲೆ ಒಂದು ಚೌಕಟ್ಟು ಹೊಡೆದು ಕತ್ತಿಯನ್ನು ಅದರಲ್ಲಿ ತೂಗುಹಾಕಿದ. ಆಮೇಲೆ ಪೆಟ್ಟಿಗೆ ತೆರೆದು, ಹೊಸ ಕತ್ತಿಗೆಂದು ಇಟ್ಟಿದ್ದ ಮೂರು ಪುಸ್ತಕಗಳಲ್ಲಿ ಎರಡನ್ನು ಮೊದಲು ಒಂದಕ್ಕೊಂದು ಸೇರಿಸತೊಡಗಿದ.